ಬೋರ್‌ವೆಲ್ ‘ಅಭಿವೃದ್ಧಿ’ಗೆ ಸರಿಯಾದ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ. ಚಿಂತಾಮಣಿ ಕಡೆಯ ರೈತರಿಗೆ ಹೊಸ ಬೋರ್‌ವೆಲ್ ಬಗ್ಗೆ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಏರ್‌ಲಿಫ್ಟ್, ಡೆವಲಪ್‌ಮೆಂಟ್ ಎಂಬ ಎರಡು ಮಾತಿಗೆ ಬಂದು ನಿಂತಿದ್ದೇನೆ. ಎರಡನೆಯದಕ್ಕೆ ‘ಕೊಳವೆಬಾವಿ ಅಭಿವೃದ್ಧಿ’ ಎಂದು ಬರೆದು ಪಕ್ಕದ ತೋಟದವರಿಗೆ ಓದಿಸಿದೆ. ಅವರು ಸಬ್ಸಿಡಿ ಯೋಜನೆ ಅಂದುಕೊಂಡು, ಅರ್ಜಿ ಎಲ್ಲಿ ಕೊಡಬೇಕು ಎಂದು ಕೇಳಿದರು.

ನಮ್ಮಲ್ಲಿ ‘ಬೋರ್ ತೊಳೆಯೋದು’ ಅನ್ನುತ್ತಾರೆ. ಆದರೆ ಡೆವಲಪ್‌ಮೆಂಟ್ ಅಂದರೆ ಅಷ್ಟೇ ಅಲ್ಲ. ಗಾಳಿ ಬಿಟ್ಟು ನೀರೆತ್ತಬೇಕು, ಅದೇ ಏರ್‌ಲಿಫ್ಟ್. ಗಾಳಿ ನಿಲ್ಲಿಸಿ ಪೈಪಿನ ನೀರು ವಾಪಸ್ ಬೀಳಲು ಬಿಡಬೇಕು. ಮತ್ತೆ ಎತ್ತಬೇಕು. ಆ ಹೊಯ್ದಾಟಕ್ಕೆ ಬಂಡೆಯ ಬಿರುಕಿನಲ್ಲಿ ಕೂತ ಮಣ್ಣು, ಕಲ್ಲುಪುಡಿ ಕದಲಿ ಹೊರಗೆ ಬರುತ್ತದೆ. ಈ ಇಡೀ ಕೆಲಸಕ್ಕೆ ‘ಜಾಲಿಸು’ ಆಗಬಹುದಾ?

ಕೋಲಾರದ ರೈತರೊಬ್ಬರು: ಏರ್‌ಲಿಫ್ಟಿಗೆ ಕಂಪ್ರೆಸರ್ ಪಂಪು ಅಂತಲೇ ಬರೆಯಿರಿ. ನಮ್ಮ ಹಳೇ ಬೋರಿನಲ್ಲಿ ಎರಡು ಸಬ್‌ಮರ್ಸಿಬಲ್ ಮರಳಿಗೆ ಸವೆದು ಹೋದವು. ಆಮೇಲೆ ಕಂಪ್ರೆಸರ್ ಹಾಕಿಸಿದೆ. ನೀರು ನಿಂತು ನಿಂತು ಬರುತ್ತದೆ, ಆದರೆ ಬರುತ್ತದೆ.

ತುಮಕೂರಿನ ಮೇಷ್ಟ್ರು: ಏರ್‌ಲಿಫ್ಟಿಗೆ ‘ಗಾಳಿತಳ್ಳು’ ಹೇಗೆ? ಬಾವಿಯೊಳಗೆ ತಿರುಗುವ ಭಾಗವೇ ಇಲ್ಲ, ಹಾಗಾಗಿ ಮರಳಿನ ಭಯವಿಲ್ಲ. ಗಾಳಿಯೇ ಕೆಳಗಿನಿಂದ ನೀರನ್ನು ತಳ್ಳುತ್ತದೆ, ಅಲ್ವಾ?

ರಿಗ್ ಕೆಲಸ ಮಾಡಿದವರು: ತಳ್ಳುವುದಿಲ್ಲ ಸಾರ್. ಗುಳ್ಳೆ ಬೆರೆತ ನೀರು ಹಗುರ. ಸುತ್ತಲಿನ ನೀರಿನ ಭಾರ ಅದನ್ನು ಪೈಪಿನಲ್ಲಿ ಮೇಲಕ್ಕೆ ಎಬ್ಬಿಸುತ್ತದೆ. ಅದಕ್ಕೇ ಗಾಳಿ ಪೈಪು ಎಷ್ಟು ಮುಳುಗಿದೆ ಎಂಬುದು ಮುಖ್ಯ. ಒಂದು ಬೋರಿನಲ್ಲಿ ನೀರು 100 ಅಡಿಗೆ ನಿಂತಿತ್ತು. ಪೈಪನ್ನು 130 ಅಡಿಗೆ ಬಿಟ್ಟಾಗ ಬರೀ ಗಾಳಿ, ತುಂತುರು. 250 ಅಡಿಗೆ ಇಳಿಸಿದೆವು. 150 ಅಡಿ ಮುಳುಗಿತು, ಶುರುವಾಗಲು ಸುಮಾರು 65 ಪಿಎಸ್‌ಐ ಒತ್ತಡ ಬೇಕಾಯಿತು, ಬಗ್ಗಡ ನೀರು ಧಾರಾಳವಾಗಿ ಬಂತು. ಪ್ರತಿ ಸಲ ಒಂದು ಬಕೆಟ್ ಹಿಡಿದು ಸುಮ್ನೆ ಇಡುತ್ತಿದ್ದೆವು. ನೀರು ತಿಳಿಯಾದ ಮಾತ್ರಕ್ಕೆ ಕೆಲಸ ಮುಗಿಯಿತು ಎಂದು ನಂಬಬಾರದು. ನಿಲ್ಲಿಸಿ ಮತ್ತೆ ಹೊಡೆದಾಗಲೂ ಬಕೆಟ್ಟಿನ ತಳದಲ್ಲಿ ಮರಳು ಕೂರದಿದ್ದರೆ ಮಾತ್ರ ಕೆಲಸ ಮುಗಿದಂತೆ. ಗಂಟೆಗಟ್ಟಲೆ ಹೊಡೆದರೂ ಕೆಮ್ಮಣ್ಣು ಬರುತ್ತಲೇ ಇದ್ದರೆ ಸಾಮಾನ್ಯವಾಗಿ ಕೇಸಿಂಗ್ ಗಟ್ಟಿ ಬಂಡೆಯ ಮೇಲೆ ಸರಿಯಾಗಿ ಕೂತಿರುವುದಿಲ್ಲ. ಅದಕ್ಕೆ ಗಾಳಿ ಮದ್ದಲ್ಲ.

ಇನ್ನು ‘ಜಾಲಿಸು’ ನನಗೆ ಒಪ್ಪಿಗೆಯಿಲ್ಲ. ಅಕ್ಕಿ ಜಾಲಿಸಿದರೆ ಕಲ್ಲು ತಳದಲ್ಲೇ ಉಳಿಯುತ್ತದೆ. ಬೋರಿನಲ್ಲಿ ಮರಳು ಮೇಲೆ ಬರಬೇಕು.

ಕೇಳಿದವಳು: ಹಾಗಾದರೆ ‘ಗಾಳಿತಳ್ಳು’ ಬಿಟ್ಟು ‘ಗಾಳಿ ಬೆರೆಸಿ ನೀರೆತ್ತುವುದು’ ಎಂದು ಬರೆಯುತ್ತೇನೆ. ಉದ್ದವಾಯಿತು, ಆದರೆ ತಪ್ಪಿಲ್ಲ. ಕೋಲಾರದವರು ಹೇಳಿದ್ದು ದಿನಾ ನೀರೆತ್ತುವ ಪಂಪು. ಅದಕ್ಕೆ ಅದೇ ಹೆಸರು ಇರಲಿ. ‘ಜಾಲಿಸು’ ಮಾತ್ರ ಬಿಡಲು ಮನಸ್ಸಿಲ್ಲ. ಬಿಂದಿಗೆಗೆ ಸ್ವಲ್ಪ ನೀರು ಹಾಕಿ, ಕುಲುಕಿ ಚೆಲ್ಲುವುದಕ್ಕೂ ನಮ್ಮ ಮನೆಯಲ್ಲಿ ಜಾಲಿಸು ಅನ್ನುತ್ತೇವೆ. ಅಲ್ಲಿ ಕೊಳೆ ಹೊರಗೇ ಹೋಗುತ್ತದೆ. ತುಮಕೂರು ಕಡೆ ಈ ಬಳಕೆ ಇದೆಯಾ ಮೇಷ್ಟ್ರೇ?