ಮೇಲ್ ತೆಗೆಯುವ ಮೊದಲೇ ಕೆಲಸ ಏನು ಅಂತ ತಿಳಿಯುವ ಹಾಗೆ ವಿಷಯದ ಸಾಲು ಬರೆಯುವುದು ಹೇಗೆ?

ಕೇಳಿದವರು: ಶಾಲಾ ಕಚೇರಿ, ದಾವಣಗೆರೆ ಜಿಲ್ಲೆ

ಒಂದು ಖಾಸಗಿ ಶಾಲೆಯ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಆಡಳಿತ ಮಂಡಳಿಯವರಿಗೆ ಕನ್ನಡದಲ್ಲೇ ಮೇಲ್ ಕಳಿಸುತ್ತೇವೆ. ಫೋನ್ ಮಾಡಿ ನೆನಪಿಸುವ ತನಕ ಯಾರೂ ಉತ್ತರ ಕೊಡುವುದಿಲ್ಲ. ಮೊನ್ನೆ ಕಳಿಸಿದ ಮೇಲ್‌ನ ವಿಷಯ ಹೀಗಿತ್ತು: "2024-25ನೇ ಸಾಲಿನ ಶಾಲಾ ವಾರ್ಷಿಕೋತ್ಸವಕ್ಕೆ ಸಂಬಂಧಿಸಿದಂತೆ ಶಾಮಿಯಾನ ಹಾಗೂ ಇತರೆ ವ್ಯವಸ್ಥೆಗಳ ದರಪಟ್ಟಿಗಳನ್ನು ಪರಿಶೀಲಿಸಿ ಅನುಮೋದನೆ ನೀಡುವ ಬಗ್ಗೆ". ಇದನ್ನು ಚಿಕ್ಕದು ಮಾಡುವುದು ಹೇಗೆ? ಅನುಭವ ಇದ್ದವರು ದಯವಿಟ್ಟು ಹೇಳಿ.

ಸಹಕಾರ ಸಂಘದ ಲೆಕ್ಕಪತ್ರ ವಿಭಾಗ, ಶಿವಮೊಗ್ಗ

ಮೇಡಂ, ಮೊದಲು ಆ ಮೇಲನ್ನು ನಿಮಗೇ ಒಂದು ಸಲ ಕಳಿಸಿಕೊಂಡು ಮೊಬೈಲಿನಲ್ಲಿ ನೋಡಿ. ತೆಗೆಯಬೇಡಿ, ಇನ್‌ಬಾಕ್ಸ್ ಪಟ್ಟಿಯಲ್ಲಿ ಎಷ್ಟು ಕಾಣುತ್ತದೋ ಅಷ್ಟೇ ನೋಡಿ. "2024-25ನೇ ಸಾಲಿನ ಶಾಲಾ ವಾರ್ಷಿ…" ಅಂತ ಬಂದು ನಿಂತಿರುತ್ತದೆ. ಫೋನ್ ಯಾವುದು, ಅಕ್ಷರ ಎಷ್ಟು ದೊಡ್ಡದಾಗಿ ಇಟ್ಟುಕೊಂಡಿದ್ದಾರೆ ಅನ್ನುವುದರ ಮೇಲೆ ಒಂದೆರಡು ಪದ ಆಚೀಚೆ ಆಗಬಹುದು. ಮಂಡಳಿಯಲ್ಲಿ ವಯಸ್ಸಾದವರು ಇದ್ದರೆ ಅಕ್ಷರ ದೊಡ್ಡದೇ ಇರುತ್ತದೆ, ಹಾಗಾಗಿ ಇನ್ನೂ ಕಡಿಮೆ ಕಾಣುತ್ತದೆ.

ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದೇ ಕೊನೆಗೆ. "ಅನುಮೋದನೆ ನೀಡುವ" ಅನ್ನುವುದು ನಿಮ್ಮ ಸಾಲಿನ ತುದಿಯಲ್ಲಿದೆ. ಕಾಗದದ ಪತ್ರದಲ್ಲಿ ಅದರಿಂದ ತೊಂದರೆ ಇರಲಿಲ್ಲ, ಓದುವವರಿಗೆ ಇಡೀ ಸಾಲು ಕಾಣುತ್ತಿತ್ತು. ಮೊಬೈಲು ತುದಿಯನ್ನೇ ಕತ್ತರಿಸುತ್ತದೆ. ಅಂದರೆ ಅವರು ಏನು ಮಾಡಬೇಕೋ ಆ ಭಾಗವೇ ಹೋಗುತ್ತದೆ, ಸಾಲಿನ ವರ್ಷ ಮಾತ್ರ ಉಳಿಯುತ್ತದೆ. ಈ ವರ್ಷದ ವಾರ್ಷಿಕೋತ್ಸವ ಅಂತ ಅವರಿಗೆ ಗೊತ್ತೇ ಇದೆ ಅಲ್ವಾ?

ಹಾಗಾಗಿ ಸಾಲನ್ನು ತಿರುಗಿಸಿ. ಮೊದಲು ಅವರಿಂದ ಆಗಬೇಕಾದ ಕೆಲಸ, ಆಮೇಲೆ ಯಾವಾಗಿನ ಒಳಗೆ, ಆಮೇಲೆ ಯಾವುದು ಅನ್ನುವುದು:

"ಒಪ್ಪಿಗೆ ಬೇಕು, 20ರೊಳಗೆ: ಶಾಮಿಯಾನ ದರಪಟ್ಟಿ"

"ಸಂಬಂಧಿಸಿದಂತೆ", "ಹಾಗೂ ಇತರೆ", "ಪರಿಶೀಲಿಸಿ", "ಬಗ್ಗೆ" ಎಲ್ಲ ಹೋಯಿತು. ಅದರಿಂದ ಓದುವವರಿಗೆ ಏನೂ ಕಡಿಮೆ ಆಗಿಲ್ಲ.

ಸಾಫ್ಟ್‌ವೇರ್ ಕೆಲಸ, ಬೆಂಗಳೂರು

ಅಷ್ಟು ಕೂಡ ಬೇಡ. ಮೂರು ಪದಕ್ಕಿಂತ ಜಾಸ್ತಿ ಆದರೆ ಯಾರೂ ಓದಲ್ಲ. ಮುಂದೆ "ತುರ್ತು" ಅಂತ ಹಾಕಿ, "ತುರ್ತು: ಒಪ್ಪಿಗೆ ಬೇಕು". ಮುಗೀತು. ನಮ್ಮ ಟೀಮಿನಲ್ಲಿ ಹೀಗೇ ಮಾಡುತ್ತೇವೆ, ಕೆಲಸ ಆಗುತ್ತದೆ.

ಸಹಕಾರ ಸಂಘದ ಲೆಕ್ಕಪತ್ರ ವಿಭಾಗ, ಶಿವಮೊಗ್ಗ

ಕೆಲಸದ ಮಾತು ಮೊದಲು ಬರಬೇಕು ಅನ್ನುವುದು ಸರಿ. ಆದರೆ ಯಾವುದಕ್ಕೆ ಒಪ್ಪಿಗೆ ಅನ್ನುವುದನ್ನೇ ಬಿಟ್ಟರೆ ಆಗುವುದಿಲ್ಲ. ನಿಮ್ಮ ಟೀಮಿನಲ್ಲಿ ಬೆಳಗ್ಗೆಯಿಂದ ಅದೇ ಮಾತು ನಡೆದಿರುತ್ತದೆ, ಎಲ್ಲರಿಗೂ ಗೊತ್ತಿರುತ್ತದೆ. ಶಾಲೆಯ ಮಂಡಳಿಯವರು ತಿಂಗಳಿಗೊಮ್ಮೆ ಸೇರುವವರು. "ಒಪ್ಪಿಗೆ ಬೇಕು" ಅಂತ ಇದೇ ತರಹದ ನಾಲ್ಕು ಮೇಲ್ ಇನ್‌ಬಾಕ್ಸಿನಲ್ಲಿ ಕುಳಿತರೆ ಶಾಮಿಯಾನದ್ದು ಯಾವುದು, ಬಸ್ಸಿನ ರಿಪೇರಿಯದ್ದು ಯಾವುದು ಅಂತ ಒಂದೊಂದೂ ತೆಗೆದು ನೋಡಬೇಕು. ಹುಡುಕಿದರೂ ಸಿಗುವುದಿಲ್ಲ.

"ತುರ್ತು" ಕೂಡ ಹಾಗೇ. ತಾರೀಖು ಬರೆದರೆ ಎಷ್ಟು ತುರ್ತು ಅಂತ ಅವರೇ ಅಳೆದುಕೊಳ್ಳುತ್ತಾರೆ. ಪ್ರತಿ ಮೇಲ್‌ಗೂ ತುರ್ತು ಅಂದರೆ ನಿಜವಾಗಿ ತುರ್ತು ಬಂದ ದಿನ ಹಾಕಲು ಪದವೇ ಇರುವುದಿಲ್ಲ. "ನಾಳೆಯೊಳಗೆ" ಅಂತಲೂ ಬರೆಯಬೇಡಿ. ಅವರು ಎರಡು ದಿನ ಬಿಟ್ಟು ನೋಡಿದರೆ ಯಾವ ನಾಳೆ ಅಂತ ತಿಳಿಯುವುದಿಲ್ಲ.

ನಿವೃತ್ತ ಕಚೇರಿ ಅಧೀಕ್ಷಕರು, ಮೈಸೂರು

ಒಂದು ಮಾತು ಹೇಳಬೇಕು. "ವಿಷಯ" ಅನ್ನುವುದನ್ನು ಪೂರ್ತಿ ಬರೆಯುವುದಕ್ಕೆ ಕಾರಣ ಇದೆ. ಕಚೇರಿಗೆ ಪತ್ರ ಬಂದಾಗ ಆವಕ ವಹಿಯಲ್ಲಿ ಆ ಸಾಲನ್ನೇ ಬರೆದುಕೊಳ್ಳುತ್ತಾರೆ. ಎರಡು ವರ್ಷ ಆದ ಮೇಲೆ ಆಡಿಟ್‌ನವರು ಕೇಳಿದಾಗ ಯಾವ ಸಾಲಿನದ್ದು, ಯಾವುದಕ್ಕೆ ಅನುಮೋದನೆ ಅಂತ ಅದರಿಂದಲೇ ಪತ್ತೆ ಆಗಬೇಕು. "ಶಾಮಿಯಾನ, 20ರೊಳಗೆ" ಅಂತ ಇದ್ದರೆ ಯಾವ ವರ್ಷದ 20?

ಹಾಗಂತ ಈ ತಂಗಿ ಹೇಳುವ ಕಷ್ಟವೂ ನಿಜವೇ. ನಾನಾದರೆ ಎರಡನ್ನೂ ಬೇರೆ ಮಾಡುತ್ತೇನೆ. ಲಗತ್ತಿಸುವ ಪತ್ರದಲ್ಲಿ ವಿಷಯ, ಉಲ್ಲೇಖ ಎಲ್ಲ ಪದ್ಧತಿ ಪ್ರಕಾರ ಪೂರ್ತಿ ಇರಲಿ. ಕಡತಕ್ಕೆ ಹೋಗುವುದು ಅದು. ಮೇಲ್‌ನ ವಿಷಯದ ಜಾಗದಲ್ಲಿ ಚಿಕ್ಕದು ಇರಲಿ. ಪತ್ರದ ವಿಷಯವನ್ನೇ ಕಾಪಿ ಮಾಡಿ ಮೇಲ್‌ಗೂ ಹಾಕುವ ಅಭ್ಯಾಸ ಎಲ್ಲ ಕಚೇರಿಯಲ್ಲೂ ಇದೆ, ಅದನ್ನು ಬಿಟ್ಟರೆ ಸಾಕು.

ಮಸಾಲೆ ಪುಡಿ ವ್ಯಾಪಾರ, ಉಡುಪಿ

ನನಗೂ ಇದೇ ಸಮಸ್ಯೆ! ಹಬ್ಬಕ್ಕೆ ಆಫರ್ ಅಂತ ಗಿರಾಕಿಗಳಿಗೆ ಮೇಲ್ ಕಳಿಸಿದರೆ ಸ್ಪ್ಯಾಮ್‌ಗೆ ಹೋಗುತ್ತದೆ. ಸಾರಿನ ಪುಡಿ, ಕೋರಿ ಗಸಿ ಮಸಾಲೆ ಎರಡಕ್ಕೂ ಬೇರೆ ಬೇರೆ ಕಳಿಸಬೇಕಾ, ಒಂದೇ ಸಾಕಾ?

ಸಹಕಾರ ಸಂಘದ ಲೆಕ್ಕಪತ್ರ ವಿಭಾಗ, ಶಿವಮೊಗ್ಗ

ನಿಮ್ಮದು ಬೇರೆ ವಿಚಾರ ಅಕ್ಕಾ. ನಿಮ್ಮ ಗಿರಾಕಿ ಮೇಲ್ ನೋಡದಿದ್ದರೂ ಅವರಿಗೆ ನಷ್ಟ ಇಲ್ಲ, ಆಸೆ ಹುಟ್ಟಿಸಿ ತೆಗೆಸಬೇಕು. ಇಲ್ಲಿ ಓದುವವರು ಉತ್ತರ ಕೊಡಲೇಬೇಕಾದವರು. ಸ್ಪ್ಯಾಮ್ ಬಗ್ಗೆ ಪ್ರತ್ಯೇಕವಾಗಿ ಕೇಳಿ, ಗೊತ್ತಿದ್ದವರು ಹೇಳುತ್ತಾರೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಮೊಬೈಲಿನಲ್ಲಿ ನೋಡಿದೆ, ನಿಜವಾಗಿಯೂ "ವಾರ್ಷಿ" ಅಂತ ನಿಂತಿದೆ. ಒಂದು ವಿಷಯ ಮೊದಲು ಬರೆದಿರಲಿಲ್ಲ. ದರಪಟ್ಟಿ ಎರಡು ಬಂದಿವೆ. ಒಬ್ಬರದು 38,000, ಅದರಲ್ಲಿ ಜನರೇಟರ್ ಸೇರಿಲ್ಲ. ಇನ್ನೊಬ್ಬರದು 42,500, ಜನರೇಟರ್ ಸೇರಿದೆ. ಯಾವುದು ಅಂತ ಮಂಡಳಿಯವರೇ ಹೇಳಬೇಕು. ಜೊತೆಗೆ ಅತಿಥಿಗಳ ಪಟ್ಟಿಯನ್ನೂ ಅದೇ ಮೇಲ್‌ನಲ್ಲಿ ಕಳಿಸಿದ್ದೆ, "ಇತರೆ" ಅಂದರೆ ಅದೇ.

ಸಹಕಾರ ಸಂಘದ ಲೆಕ್ಕಪತ್ರ ವಿಭಾಗ, ಶಿವಮೊಗ್ಗ

ಹಾಗಿದ್ದರೆ ನಾನು ಮೇಲೆ ಬರೆದ ಸಾಲು ನಿಮ್ಮ ಕೆಲಸಕ್ಕೆ ಹೊಂದುವುದಿಲ್ಲ. ನಿಮಗೆ ಬೇಕಾಗಿರುವುದು ಒಪ್ಪಿಗೆ ಅಲ್ಲ, ಆಯ್ಕೆ. "ಒಪ್ಪಿಗೆ ಬೇಕು" ಅಂತ ಕಳಿಸಿದರೆ ಯಾರಾದರೂ ಒಬ್ಬರು "ಓಕೆ" ಅಂತ ಉತ್ತರ ಹಾಕುತ್ತಾರೆ. ಯಾವುದಕ್ಕೆ ಓಕೆ ಅಂತ ಮತ್ತೆ ಫೋನ್ ಮಾಡಬೇಕು. ಉತ್ತರ ಯಾವ ರೂಪದಲ್ಲಿ ಬರಬೇಕು ಅಂತ ಮೊದಲು ಯೋಚಿಸಿ. "38" ಅಥವಾ "42" ಅಂತ ಬಂದರೆ ಸಾಕು ಅಲ್ವಾ? ಹಾಗಾದರೆ ವಿಷಯವೂ ಹಾಗೇ ಇರಲಿ:

"20ರೊಳಗೆ ಆರಿಸಿ: ಶಾಮಿಯಾನ 38,000 / 42,500"

ಇದನ್ನು ನೋಡಿದವರಿಗೆ ಎರಡರಲ್ಲಿ ಒಂದು ಹೇಳಬೇಕು ಅಂತ ತಿಳಿಯುತ್ತದೆ. ಜನರೇಟರ್ ಮಾತು ವಿಷಯದಲ್ಲಿ ಬೇಡ, ಮೇಲ್‌ನ ಮೊದಲ ಸಾಲಿನಲ್ಲಿ ಬರಲಿ. ಯಾಕೆಂದರೆ ಜಿಮೇಲ್ ಪಟ್ಟಿಯಲ್ಲಿ ವಿಷಯದ ಜೊತೆಗೆ ಒಳಗಿನ ಮೊದಲ ಸಾಲೂ ಸ್ವಲ್ಪ ಕಾಣುತ್ತದೆ. ಈಗ ಅಲ್ಲಿ "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ" ಅಂತ ಕಾಣುತ್ತಿರುತ್ತದೆ. ಅದರ ಬದಲು "ಮಾನ್ಯರೇ, 42,500ರಲ್ಲಿ ಜನರೇಟರ್ ಸೇರಿದೆ, 38,000ದಲ್ಲಿ ಇಲ್ಲ" ಅಂತ ಶುರು ಮಾಡಿ. ಕೆಲವರು ಮೇಲ್ ತೆಗೆಯುವ ಮುಂಚೆಯೇ ತೀರ್ಮಾನ ಮಾಡಿರುತ್ತಾರೆ.

ಅತಿಥಿಗಳ ಪಟ್ಟಿ ಬೇರೆ ಮೇಲ್‌ನಲ್ಲಿ ಹೋಗಲಿ. ವಿಷಯದ ಸಾಲು ಎಷ್ಟು ಕತ್ತರಿಸಿದರೂ ಚಿಕ್ಕದಾಗುತ್ತಿಲ್ಲ, "ಹಾಗೂ" ಬಿಡಲು ಆಗುತ್ತಿಲ್ಲ ಅಂದರೆ ಒಳಗೆ ಎರಡು ಕೆಲಸ ಇದೆ ಅಂತ ಅರ್ಥ. ಶಾಮಿಯಾನಕ್ಕೆ ಉತ್ತರ ಕೊಟ್ಟವರು ಅತಿಥಿ ಪಟ್ಟಿಯನ್ನು ಮರೆಯುತ್ತಾರೆ. ನಮ್ಮಲ್ಲಿ ಪದೇ ಪದೇ ಆಗುವುದು ಇದೇ. ಅತಿಥಿ ಪಟ್ಟಿಗೆ ಉತ್ತರ ಬೇಡ ಅಂದರೆ "ತಿಳಿಸಲು ಮಾತ್ರ: ಅತಿಥಿಗಳ ಪಟ್ಟಿ" ಅಂತ ಹಾಕಿ. ಏನೂ ಮಾಡಬೇಕಾಗಿಲ್ಲ ಅಂತ ಹೇಳುವುದೂ ಓದುವವರಿಗೆ ಉಪಕಾರವೇ.

ಡಿಟಿಪಿ ಸೆಂಟರ್, ಹುಬ್ಬಳ್ಳಿ

ಮೇಡಂ, ಪತ್ರ ನುಡಿಯಲ್ಲಿ ಟೈಪ್ ಮಾಡ್ತೀರಾ? ಹಾಗಿದ್ದರೆ ಹುಷಾರು. ನುಡಿಯ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಕಾಪಿ ಮಾಡಿ ವಿಷಯದ ಜಾಗಕ್ಕೆ ಹಾಕಿದರೆ ಅಲ್ಲಿ ಫಾಂಟ್ ಬದಲಿಸುವ ಅನುಕೂಲವೇ ಇಲ್ಲ. "ಕನ್ನಡ" ಅಂತ ಇದ್ದದ್ದು ಹೀಗೆ ಕಾಣುತ್ತದೆ:

```
PÀ£ÀßqÀ
```

ನಮ್ಮ ಹತ್ತಿರ ಬರುವ ಮೇಲ್‌ಗಳಲ್ಲಿ ಇಂಥವು ಬೇಕಾದಷ್ಟು. ಅವನ್ನು ಹುಡುಕಿದರೂ ಸಿಗುವುದಿಲ್ಲ. ವಿಷಯದ ಸಾಲನ್ನು ಯೂನಿಕೋಡ್‌ನಲ್ಲೇ ಹೊಸದಾಗಿ ಟೈಪ್ ಮಾಡಿ. ಚಿಕ್ಕದಾಗಿದ್ದರೆ ಎಷ್ಟು ಹೊತ್ತು ಬೇಕು? ಮೊಬೈಲಿನ ಕನ್ನಡ ಕೀಬೋರ್ಡ್ ಆದರೂ ಆದೀತು.

ಕೇಳಿದವರು

ಪತ್ರ ನುಡಿಯಲ್ಲೇ, ಆದರೆ ಮೇಲ್ ಮೊಬೈಲಿನಿಂದ ಕಳಿಸುತ್ತೇನೆ, ಅದು ತೊಂದರೆ ಇಲ್ಲ. ನನ್ನ ಅಳುಕು ಬೇರೆ. ನಮ್ಮ ಅಧ್ಯಕ್ಷರು ಹಿರಿಯರು, ಊರಿನಲ್ಲಿ ದೊಡ್ಡವರು. ಅವರಿಗೆ "ಆರಿಸಿ" ಅಂತ ನಾನು ಬರೆದರೆ ಹುಕುಂ ಮಾಡಿದ ಹಾಗೆ ಆಗುವುದಿಲ್ಲವೇ?

ನಿವೃತ್ತ ಕಚೇರಿ ಅಧೀಕ್ಷಕರು, ಮೈಸೂರು

ಆಗುತ್ತದೆ ತಂಗಿ. "ತಮ್ಮ ಆಯ್ಕೆ ಕೋರಿ" ಅಂತ ಬರೆಯಿರಿ. ಒಂದು ಪದ ಜಾಸ್ತಿ ಆದರೆ ಆಗಲಿ. ಹಿರಿಯರಿಗೆ ಕೊಡುವ ಮರ್ಯಾದೆಯಲ್ಲಿ ಉಳಿತಾಯ ಬೇಡ.

ಸಾಫ್ಟ್‌ವೇರ್ ಕೆಲಸ, ಬೆಂಗಳೂರು

ಮರ್ಯಾದೆ ಒಳಗೆ ಇರಲಿ ಸರ್, ವಿಷಯದಲ್ಲಿ ಬೇಡ. "ತಮ್ಮ" ಅನ್ನುವುದಕ್ಕೇ ಜಾಗ ಹೋದರೆ 42,500 ಕಾಣುವುದಿಲ್ಲ.

ಸಹಕಾರ ಸಂಘದ ಲೆಕ್ಕಪತ್ರ ವಿಭಾಗ, ಶಿವಮೊಗ್ಗ

ಇದರಲ್ಲಿ ನಾನು ಸರ್ ಕಡೆಗೇ ಸ್ವಲ್ಪ ವಾಲುತ್ತೇನೆ. ನಮ್ಮಲ್ಲಿ "ಆಯ್ಕೆ ಬೇಕು" ಅಂತ ಹಾಕುತ್ತೇವೆ. ಅದು ಹುಕುಂ ಅಲ್ಲ, ನಮಗೆ ಬೇಕಾಗಿದೆ ಅಂತ ಹೇಳುವುದು. ನಮ್ಮ ನಿರ್ದೇಶಕರು ಯಾರೂ ಬೇಸರ ಮಾಡಿಕೊಂಡಿಲ್ಲ, ಆದರೆ ನಿಮ್ಮ ಅಧ್ಯಕ್ಷರ ಸ್ವಭಾವ ನಿಮಗೇ ಗೊತ್ತು.

ಇನ್ನೊಂದು ಕೇಳುತ್ತೇನೆ. ಮೇಲ್ ಎಷ್ಟು ಜನರಿಗೆ ಹೋಗುತ್ತದೆ? ಐದು ಜನರನ್ನೂ "To"ನಲ್ಲಿ ಹಾಕಿದರೆ ಪ್ರತಿಯೊಬ್ಬರೂ ಉಳಿದವರು ಹೇಳುತ್ತಾರೆ ಅಂದುಕೊಂಡು ಸುಮ್ನೆ ಇರುತ್ತಾರೆ. ತೀರ್ಮಾನ ಖಜಾಂಚಿಯವರದ್ದಾದರೆ ಅವರೊಬ್ಬರನ್ನೇ "To"ನಲ್ಲಿ ಇಟ್ಟು ಉಳಿದವರನ್ನು "Cc"ಗೆ ಹಾಕಿ.

ಕೇಳಿದವರು

ಐದು ಜನಕ್ಕೂ ಒಟ್ಟಿಗೇ ಹೋಗುತ್ತದೆ. ತೀರ್ಮಾನ ಯಾರದ್ದು ಅಂತ ನಮ್ಮಲ್ಲೇ ಸ್ಪಷ್ಟ ಇಲ್ಲ. ಖಜಾಂಚಿಯವರು ಅಧ್ಯಕ್ಷರನ್ನು ಕೇಳಿ ಅನ್ನುತ್ತಾರೆ, ಅಧ್ಯಕ್ಷರು ಖಜಾಂಚಿ ನೋಡಲಿ ಅನ್ನುತ್ತಾರೆ. ಹಳೆ ಮೇಲ್‌ಗೇ ರಿಪ್ಲೈ ಮಾಡಿ ವಿಷಯ ಬದಲಿಸಲೇ, ಹೊಸದಾಗಿ ಕಳಿಸಲೇ?

ಸಹಕಾರ ಸಂಘದ ಲೆಕ್ಕಪತ್ರ ವಿಭಾಗ, ಶಿವಮೊಗ್ಗ

ಹೊಸದಾಗಿಯೇ ಕಳಿಸಿ. ಜಿಮೇಲ್‌ನಲ್ಲಿ ರಿಪ್ಲೈ ಮಾಡುವಾಗ ವಿಷಯ ಬದಲಿಸಿದರೆ ಅದು ಹೇಗೂ ಬೇರೆ ಸಂಭಾಷಣೆ ಆಗಿ ಕೂರುತ್ತದೆ. ಬದಲಿಸದಿದ್ದರೆ ಆ ಉದ್ದ ಸಾಲಿನ ಕೆಳಗೇ ಸೇರಿಕೊಳ್ಳುತ್ತದೆ. ಎರಡೂ ದರಪಟ್ಟಿಗಳನ್ನು ಮತ್ತೆ ಲಗತ್ತಿಸುವುದು ಮರೆಯಬೇಡಿ.

ಯಾರ ತೀರ್ಮಾನ ಅನ್ನುವುದಕ್ಕೆ ಮೇಲ್‌ನಲ್ಲಿ ಮದ್ದಿಲ್ಲ. ಅದಕ್ಕೆ ಮಾತ್ರ ಅಧ್ಯಕ್ಷರಿಗೆ ಒಂದು ಫೋನ್ ಮಾಡಿ, "ಸರ್, ಈ ಸಲ ಯಾರ ಹೆಸರಿಗೆ ಕಳಿಸಲಿ?" ಅಂತ ಕೇಳಿ. ಅವರು ಹೇಳಿದ ಮೇಲೆ ಕಳಿಸಿ.

ನಿವೃತ್ತ ಕಚೇರಿ ಅಧೀಕ್ಷಕರು, ಮೈಸೂರು

ಅಧ್ಯಕ್ಷರು ಯಾರ ಹೆಸರು ಹೇಳುತ್ತಾರೋ ಆ ಮಾತನ್ನು ಪತ್ರದಲ್ಲಿ ಒಂದು ಸಾಲು ಬರೆದಿಡಿ ತಂಗಿ. "ಅಧ್ಯಕ್ಷರ ಮೌಖಿಕ ಸೂಚನೆಯಂತೆ" ಅಂತ.