ರೆಪೋ ಇಳಿದರೂ ನನ್ನ ಬಾಂಡ್ ಬೆಲೆ ಯಾಕೆ ಬಿತ್ತು?

ವಿನಾಯಕ: ಶ್ರೀಧರ್ ಸರ್, 2025ರ ಜೂನ್ ಮೊದಲ ವಾರ ಆರ್‌ಬಿಐನ ರಿಟೇಲ್ ಡೈರೆಕ್ಟ್‌ನಲ್ಲಿ 7.09% 2054 ಸರ್ಕಾರಿ ಬಾಂಡ್ ತಗೊಂಡೆ. ಮುಖಬೆಲೆ 10 ಲಕ್ಷ, ರೇಟು 102 ರೂ. 37 ಪೈಸೆ. ಮೂರ್ನಾಲ್ಕು ದಿನಕ್ಕೆ ಆರ್‌ಬಿಐ ದರ ಇಳಿಸಿತು. ಆಗಸ್ಟ್ ಕೊನೆಗೆ ನೋಡಿದರೆ ಬೆಲೆ 98! ದರ ಇಳಿದರೆ ಬೆಲೆ ಏರಬೇಕು ಅಲ್ವಾ?

ಶ್ರೀಧರ್ (ಬ್ಯಾಂಕ್ ಟ್ರೆಜರಿ): ಯಾವ ದರ ಅನ್ನೋದೇ ಪ್ರಶ್ನೆ. ಜೂನ್ 6ರಂದು ಇಳಿದದ್ದು ರೆಪೋ, 6ರಿಂದ 5.50ಕ್ಕೆ. ಅದು ಆರ್‌ಬಿಐ ಬ್ಯಾಂಕುಗಳಿಗೆ ಕೊಡುವ ಒಂದು ರಾತ್ರಿಯ ಸಾಲದ ದರ. ನೀವು ಕೊಂಡಿರೋದು 29 ವರ್ಷದ ಸಾಲಪತ್ರ. ಅದರ ಯೀಲ್ಡ್, ಅಂದರೆ ಇವತ್ತಿನ ಬೆಲೆಗೆ ಕೊಂಡವನಿಗೆ ವರ್ಷಕ್ಕೆ ಬೀಳುವ ಆದಾಯದ ದರ, ಇಳಿಯಲಿಲ್ಲ, ಸುಮಾರು 6.90ರಿಂದ 7.25ಕ್ಕೆ ಏರಿತು. ಅದಕ್ಕೇ ಬೆಲೆ ಬಿತ್ತು.

ನಿಮ್ಮ ಬಾಂಡ್ ವರ್ಷಕ್ಕೆ ನೂರಕ್ಕೆ 7 ರೂ. 9 ಪೈಸೆ ಕೊಡುತ್ತದೆ. ಅದು ಬರೆದಾಗಿದೆ, ಬದಲಾಗಲ್ಲ. ಇವತ್ತು ಪೇಟೆ ಇಷ್ಟೇ ಅವಧಿಗೆ 7.25 ಕೇಳುತ್ತಿದೆ. ಅಂದರೆ ನಿಮ್ಮದನ್ನು ಕೊಳ್ಳುವವನಿಗೆ ವರ್ಷಕ್ಕೆ 16 ಪೈಸೆ ಖೋತಾ, ಅದೂ 29 ವರ್ಷ. ಸುಮ್ನೆ ಕೂಡಿದರೆ 4 ರೂ. 64 ಪೈಸೆ ಆಗುತ್ತದೆ. ಆದರೆ 20 ವರ್ಷ ಆದಮೇಲೆ ತಪ್ಪುವ 16 ಪೈಸೆಗೆ ಇವತ್ತು ಅಷ್ಟು ಬೆಲೆ ಇಲ್ಲ. ಒಂದೊಂದನ್ನೂ 7.25ರ ಲೆಕ್ಕದಲ್ಲಿ ಇವತ್ತಿಗೆ ಇಳಿಸಿ ಕೂಡಿದರೆ 1 ರೂ. 93 ಪೈಸೆ. ಅವನು ಅದನ್ನು ಮೊದಲೇ ಮುರಿದುಕೊಂಡು 98 ರೂ. 7 ಪೈಸೆ ಕೊಡುತ್ತಾನೆ. ನೀವು ಕೊಂಡಾಗ ಇದೇ ಲೆಕ್ಕ ಉಲ್ಟಾ ಇತ್ತು. ಪೇಟೆ 6.90 ಕೇಳುತ್ತಿತ್ತು, ನಿಮ್ಮ ಬಾಂಡ್ 19 ಪೈಸೆ ಜಾಸ್ತಿ ಕೊಡುತ್ತಿತ್ತು. ಅದಕ್ಕೇ ನೂರರ ಮೇಲೆ 2 ರೂ. 37 ಪೈಸೆ ತೆತ್ತಿರಿ.

ಸುಮಾ: ಹಾಗಾದ್ರೆ ಯೀಲ್ಡ್ ಏರಿದೆ ಅಂದ್ರೆ ವಿನಾಯಕ್ ಅವರಿಗೆ ಇನ್ನು ಮೇಲೆ ಬಡ್ಡಿ ಜಾಸ್ತಿ ಬರುತ್ತಾ?

ಶ್ರೀಧರ್: ಇಲ್ಲ ಮೇಡಂ. ಈಗ ಕೊಳ್ಳುವವರಿಗೆ ಜಾಸ್ತಿ. ವಿನಾಯಕರಿಗೆ ಅದೇ 7.09.

ಮಂಜುನಾಥ: ಸುಮ್ನೆ ಹೆದರಿಸ್ತಿದ್ದೀರಿ. 2054ರವರೆಗೆ ಇಟ್ಕೊಂಡ್ರೆ ನೂರು ರೂಪಾಯಿ ಬಂದೇ ಬರುತ್ತೆ. ಮಾರದಿದ್ರೆ ನಷ್ಟವೇ ಇಲ್ಲ.

ಶ್ರೀಧರ್: ಅರ್ಧ ಸರಿ. ನೂರು ಬರುತ್ತದೆ. ಆದರೆ 2054ರಲ್ಲಿ ವಿನಾಯಕರ ವಯಸ್ಸೆಷ್ಟು ಅಂತ ಅವರನ್ನೇ ಕೇಳಿ. ನಡುವೆ ಆಸ್ಪತ್ರೆಗೋ ಮಗಳ ಓದಿಗೋ ದುಡ್ಡು ಬೇಕಾದರೆ ಅವತ್ತಿನ ಬೆಲೆಗೇ ಮಾರಬೇಕು. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಕೂಡ ಬಾಂಡ್ ಇಟ್ಟುಕೊಂಡರೆ ಆಯಿತು ಅಂದುಕೊಂಡಿತ್ತು. 2023ರ ಮಾರ್ಚ್‌ನಲ್ಲಿ ಠೇವಣಿದಾರರು ದುಡ್ಡು ಕೇಳುತ್ತಾ ಬಂದರು. ಬಾಂಡ್ ಮಾರಬೇಕಾಯಿತು, 180 ಕೋಟಿ ಡಾಲರ್ ನಷ್ಟ. ಅದನ್ನು ಹೇಳಿದ ಎರಡೇ ದಿನದಲ್ಲಿ ಬ್ಯಾಂಕ್ ಮುಚ್ಚಿತು.

ಮಂಜುನಾಥ: ಅದು ಬ್ಯಾಂಕ್. ವಿನಾಯಕ್ ಬ್ಯಾಂಕ್ ಅಲ್ಲ.

ಗಿರೀಶ: ಫಾರ್ವರ್ಡ್ ಹಾಕ್ತಿದ್ದೀನಿ, ಎಲ್ಲರೂ ಓದಿ: "ರೆಪೋ ಇಳಿಯುತ್ತಿದೆ! 40 ವರ್ಷದ ಬಾಂಡ್ ಕೊಳ್ಳಿ, ವರ್ಷಕ್ಕೆ 15% ಗ್ಯಾರಂಟಿ, ಸರ್ಕಾರಿ ಭದ್ರತೆ!!"

ವಿನಾಯಕ: ನಾನು ಕೊಂಡಿದ್ದೇ ಇದನ್ನ ಓದಿ.

ಶ್ರೀಧರ್: ಗಿರೀಶ್, ದಯವಿಟ್ಟು ಇದನ್ನು ಅಳಿಸಿ. ಸರ್ಕಾರದ ಭದ್ರತೆ ಇರೋದು ಬಡ್ಡಿ ಮತ್ತು ಅಸಲಿಗೆ. ನಡುವಿನ ಬೆಲೆಗೆ ಯಾರ ಭದ್ರತೆಯೂ ಇಲ್ಲ.

ಜೂನ್ 6ರ ವಿಷಯಕ್ಕೆ ಬರ್ತೀನಿ, ಅವತ್ತು ನಾನು ಡೆಸ್ಕ್‌ನಲ್ಲೇ ಇದ್ದೆ. ಹೆಚ್ಚಿನವರು ಕಾಯುತ್ತಿದ್ದದ್ದು 25 ಪೈಸೆಯ ಇಳಿಕೆ, ನಮ್ಮ ಭಾಷೆಯಲ್ಲಿ ದರದ ಒಂದು ಪೈಸೆ ಅಂದರೆ 0.01%. ಗವರ್ನರ್ 50 ಅಂದರು, ಬ್ಯಾಂಕುಗಳು ಆರ್‌ಬಿಐನಲ್ಲಿ ಇಡಲೇಬೇಕಾದ ಠೇವಣಿಯ ಪಾಲಾದ ಸಿಆರ್‌ಆರ್ ಕೂಡ ನಾಲ್ಕು ಕಂತಿನಲ್ಲಿ 1% ಇಳಿಸುತ್ತೇವೆ ಅಂದರು. ನಮ್ಮ ರೂಮಿನಲ್ಲಿ ಒಬ್ಬ ಚಪ್ಪಾಳೆ ಹೊಡೆದ. ಅದೇ ಮಾತಿನ ಮುಂದಿನ ಭಾಗದಲ್ಲಿ ನಿಲುವು ಬದಲಾಯಿತು, ದರ ಇಳಿಸುವ ಒಲವಿನಿಂದ ತಟಸ್ಥಕ್ಕೆ. ಇನ್ನು ಇಳಿಸಲು ಜಾಗ ಕಡಿಮೆ ಅಂತಲೂ ಹೇಳಿದರು. ಚಪ್ಪಾಳೆ ಹೊಡೆದವನು ಕೀಬೋರ್ಡಿಗೆ ಕೈ ಹಾಕಿದ.

ದರ ಇಳಿಯುತ್ತದೆ ಅಂತ ಎಲ್ಲರೂ ತಿಂಗಳುಗಳಿಂದ ಉದ್ದದ ಬಾಂಡ್ ತುಂಬಿಕೊಂಡಿದ್ದರು. ಮುಂದಿನ ಇಳಿಕೆಯ ಆಸೆಯೂ ಬೆಲೆಯೊಳಗೆ ಸೇರಿಹೋಗಿತ್ತು. ಆ ಆಸೆ ಹೋದ ಮೇಲೆ ಮಾರುವವರೇ ಜಾಸ್ತಿ. ಚಿಕ್ಕ ಅವಧಿಯ ಪತ್ರಗಳು ಚೆನ್ನಾಗಿಯೇ ನಡೆದವು, ಬ್ಯಾಂಕುಗಳ ಕೈಗೆ ದುಡ್ಡು ಬರುತ್ತಿತ್ತಲ್ಲ. ಏಟು ಬಿದ್ದದ್ದು 30, 40 ವರ್ಷದವಕ್ಕೆ. ಒಂದೇ ದರ, ಎರಡು ದಿಕ್ಕು.

ಲತಾ: ನನ್ನ ಗೋಲ್ಡ್ ಬಾಂಡ್‌ಗೂ ಇದೇ ಲೆಕ್ಕಾನಾ ಸರ್?

ರಾಘು: ಡೀಲರ್‌ಗಳಿಗೇನು ಸರ್, ಸಾಲ ಅಗ್ಗ ಆದ್ರೆ ಲಾಭವೇ ತಾನೇ? ಕಡಿಮೆಗೆ ತಂದು ಬಾಂಡ್‌ನಲ್ಲಿ ಹಾಕಿ ಕೂತ್ಕೊಳ್ಳೋದು.

ಶ್ರೀಧರ್: ಇದು ಒಳ್ಳೆ ಪ್ರಶ್ನೆ, ಇದಕ್ಕೆ ಲೆಕ್ಕ ಕೊಡ್ತೀನಿ. ನಮ್ಮ ಸ್ಕ್ರೀನಿನಲ್ಲಿ ಒಂದು ಲಾಟ್ ಅಂದರೆ 5 ಕೋಟಿ. ಈ 2054 ಬಾಂಡನ್ನೇ ಒಂದು ಲಾಟ್ ಇಟ್ಟುಕೊಂಡು, ದುಡ್ಡನ್ನು ದಿನದಿನ 5.50ಕ್ಕೆ ತಂದೆ ಅಂದುಕೊಳ್ಳಿ. ಬಡ್ಡಿಯ ವ್ಯತ್ಯಾಸ ವರ್ಷಕ್ಕೆ 8 ಲಕ್ಷದ ಹತ್ತಿರ, ದಿನಕ್ಕೆ 2,200 ರೂಪಾಯಿ. ಇನ್ನೊಂದು ಕಡೆ ಯೀಲ್ಡ್ 7.25ರಿಂದ 7.26 ಆದರೆ ಸಾಕು, ಲಾಟಿನ ಮೇಲೆ ಸುಮಾರು 60 ಸಾವಿರ ಹೋಗುತ್ತದೆ. ನಾಲ್ಕು ವಾರದ ಗಳಿಕೆ ಒಂದು ಪೈಸೆಯ ಏರಿಕೆಗೆ ಸಮ. ವಿನಾಯಕರ ಬಾಂಡಿನ ಯೀಲ್ಡ್ ಏರಿದ್ದು 35 ಪೈಸೆ. ಅಗ್ಗದ ಸಾಲ ಅದನ್ನು ಹೇಗೆ ತುಂಬುತ್ತದೆ?

ಅದಕ್ಕೇ ನಾವು ಮೊದಲು ಕೇಳೋದು ಒಂದು ಪೈಸೆ ಏರಿದರೆ ಕೈಯಿಂದ ಎಷ್ಟು ಹೋಗುತ್ತದೆ ಅಂತ. ಯೀಲ್ಡ್ ಎತ್ತ ಹೋಗುತ್ತದೆ ಅನ್ನೋದು ಆಮೇಲೆ. ಆ ಮೊತ್ತಕ್ಕೆ ಮಿತಿ ಇರುತ್ತದೆ, ಅದು ಮುಟ್ಟಿದರೆ ನಮ್ಮ ಅಭಿಪ್ರಾಯ ಏನೇ ಇರಲಿ, ಮಾರಬೇಕು. 2022ರ ಮೇ 4ರಂದು ಮಧ್ಯಾಹ್ನ 2ಕ್ಕೆ, ನಿಗದಿಯಾದ ಸಭೆಯ ದಿನವೇ ಅಲ್ಲದಿರುವಾಗ, ಆರ್‌ಬಿಐ ರೆಪೋವನ್ನು 40 ಪೈಸೆ ಏರಿಸಿತು. 10 ವರ್ಷದ ಯೀಲ್ಡ್ ಒಂದೇ ದಿನದಲ್ಲಿ ಸುಮಾರು 7.12ರಿಂದ 7.38. ಲಾಟಿಗೆ 8 ಲಕ್ಷ ಮೀರಿ ಹೋಯಿತು. ನನ್ನ ಮಿತಿ ಎರಡೂವರೆಗೇ ಮುಗಿದಿತ್ತು. ಮಾರಲು ಹೋದರೆ ಎದುರಿಗೆ ಕೊಳ್ಳುವವರೇ ಇಲ್ಲ.

ಗಿರೀಶ: ಅಷ್ಟೆಲ್ಲಾ ಗೊತ್ತಿದ್ದೂ ನಷ್ಟ ಮಾಡ್ಕೊಂಡ್ರಾ ಹಾಗಾದ್ರೆ 😀

ಶ್ರೀಧರ್: ಹೌದು.

ಮಂಜುನಾಥ: ಗಿರೀಶಣ್ಣ, ಮೊದಲು ನಿಮ್ಮ ಫಾರ್ವರ್ಡ್ ತೆಗೀರಿ. ಇಲ್ಲೊಬ್ಬರ 43 ಸಾವಿರ ಹೋಗಿದೆ.

ಗಿರೀಶ: ನಾನು ಬರೆದದ್ದಾ ಅದು? ಬಂದದ್ದು ಕಳಿಸಿದೆ. ನೀವೇ ಹೇಳಿದ್ರಲ್ಲ, ಮಾರದಿದ್ರೆ ನಷ್ಟ ಇಲ್ಲ ಅಂತ.

ಮಂಜುನಾಥ: ಅದು ಬೇರೆ ಮಾತು.

ಗಿರೀಶ: ಹೇಗೆ ಬೇರೆ?

ಪ್ರಕಾಶ: ಮೇಲಿನದು ಓದಲು ಟೈಮ್ ಇಲ್ಲ. ಈಗ ಲಾಂಗ್ ಬಾಂಡ್ ಕೊಳ್ಳಬಹುದಾ ಸರ್?

ಶ್ರೀಧರ್: ಮೇಲೆ ಓದಿ.

ಅನಿತಾ: ರೆಪೋ ಇಳಿದ್ರೂ ನಮ್ಮ ಮನೆ ಸಾಲದ ಇಎಂಐ ಇಳಿದಿಲ್ಲ, ಯಾಕೆ?

ಸುಮಾ: ಸರ್ಕಾರಿ ಬಾಂಡ್ ಕೊಳ್ಳುವ ಗಿಲ್ಟ್ ಫಂಡ್‌ಗೂ ಹೀಗೇ ಆಗುತ್ತಾ? ಅದರಲ್ಲಿ ಮೆಚ್ಯೂರಿಟಿ ತಾರೀಖೇ ಇಲ್ಲ.

ಶ್ರೀಧರ್: ಆಗುತ್ತದೆ. ಫಂಡ್ ಹಳೆಯದನ್ನು ಮಾರಿ ಹೊಸದು ಕೊಳ್ಳುತ್ತಾ ಇರುತ್ತದೆ, ಹಾಗಾಗಿ ಮಂಜುನಾಥರ "ಇಟ್ಕೊಂಡ್ರೆ ಸಾಕು" ಅಲ್ಲಿ ನಡೆಯಲ್ಲ. ಫಂಡಿನ ಫ್ಯಾಕ್ಟ್‌ಶೀಟಿನಲ್ಲಿ ಮಾಡಿಫೈಡ್ ಡ್ಯುರೇಶನ್ ಅಂತ ಒಂದು ಅಂಕಿ ಇರುತ್ತದೆ. ಅದು 10 ಅಂತಿದ್ದರೆ, ಯೀಲ್ಡ್ 1% ಏರಿದಾಗ ನಿಮ್ಮ ಲಕ್ಷದಲ್ಲಿ ಹತ್ತು ಸಾವಿರದಷ್ಟು ಹೋಗುತ್ತದೆ. ಇಳಿದರೆ ಅಷ್ಟೇ ಬರುತ್ತದೆ. ಅದನ್ನು ನೋಡದೆ ಕೊಳ್ಳಬೇಡಿ.

ಪ್ರಕಾಶ: ಓದಿದೆ. ಕೊಳ್ಳಬಹುದಾ ಬೇಡ್ವಾ, ಒಂದೇ ಮಾತಲ್ಲಿ ಹೇಳಿ.

ರಾಘು: ಪ್ರಕಾಶ್, ಅವರೇನು ನಿಮ್ಮ ಏಜೆಂಟಾ?

ವಿನಾಯಕ: ಸರ್, ನಾನೀಗ ಮಾರಲಾ, ಇಟ್ಕೊಳ್ಳಲಾ?

ಶ್ರೀಧರ್: ಈ ದುಡ್ಡು ನಿಮಗೆ ಯಾವಾಗ ಬೇಕು ಅಂತ ಇನ್ನೂ ಹೇಳಿಲ್ಲ. ಎರಡು ಮೂರು ವರ್ಷದಲ್ಲಿ ಬೇಕಾದರೆ ಈ ಬಾಂಡ್ ನಿಮ್ಮದಲ್ಲ, 43 ಸಾವಿರ ಬಿಟ್ಟು ಹೊರಬನ್ನಿ. ಪಿಂಚಣಿಯ ಹಾಗೆ ಬಡ್ಡಿ ತಿನ್ನೋಕೆ ಅಂತಾದರೆ ಬೆಲೆ ನೋಡೋದು ಬಿಡಿ. ಮಾರುವುದಾದರೆ ಸ್ಕ್ರೀನಿನಲ್ಲಿ ಕಾಣುವ 98 ಸಿಗುತ್ತೆ ಅಂದುಕೊಳ್ಳಬೇಡಿ, ಸಣ್ಣ ಮೊತ್ತಕ್ಕೆ ಕೇಳುವ ಬೆಲೆ ಅದಕ್ಕಿಂತ ಕೆಳಗೇ ಇರುತ್ತದೆ.

ವಿನಾಯಕ: ಮಗಳ ಪಿಯುಸಿ ಮುಗಿಯೋದು 2027ಕ್ಕೆ ಸರ್.

ಗಿರೀಶ: ಫಾರ್ವರ್ಡ್ ಅಳಿಸಿದ್ದೀನಿ. ಎಲ್ಲರಿಗೂ ಸಮಾಧಾನ ಆಯ್ತಾ?