ಚರ್ಮ ಕೆರೆದು ನೋಡಿದರೂ ಹುಳು ಸಿಗಲಿಲ್ಲ: ನಾಯಿಯ ಕಜ್ಜಿ ಯಾವುದು, ಔಷಧಿ ಎಲ್ಲಿಯವರೆಗೆ?

ಪ್ರಶ್ನೆ, ಪಾಂಡವಪುರದಿಂದ

ನಮ್ಮ ಮನೆಯಲ್ಲಿ ಐದು ತಿಂಗಳ ನಾಟಿ ಮರಿಯೊಂದಿದೆ, ಏಳು ವರ್ಷದ ದೊಡ್ಡ ನಾಯಿಯೂ ಇದೆ. ಮರಿಯ ಕಿವಿಯ ಅಂಚು ಮತ್ತು ಮೊಣಕೈ ಬೋಳಾಗಿ ಹೊಟ್ಟು ಕಟ್ಟಿದೆ, ರಾತ್ರಿಯಿಡೀ ಕೆರೆದುಕೊಳ್ಳುತ್ತದೆ. ಡಾಕ್ಟರು ಚರ್ಮ ಕೆರೆದು ನೋಡಿ ಹುಳು ಸಿಗಲಿಲ್ಲ ಎಂದರು, ಆದರೂ ಮಾತ್ರೆಯೊಂದನ್ನು ಕೊಟ್ಟರು. ಹತ್ತು ದಿನವಾಯಿತು, ಕೆರೆತ ನಿಂತಿಲ್ಲ. ಪಕ್ಕದ ಮನೆಯವರು ಇದು ಡೆಮೊಡೆಕ್ಸ್, ತಾಯಿಯಿಂದ ಬಂದದ್ದು, ವಾಸಿಯಾಗುವುದಿಲ್ಲ ಎನ್ನುತ್ತಾರೆ. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಮದ್ದೂರಿನ ರೈತರು

ಕೆರೆತ ಇದ್ದರೆ ಅಂಟುವ ಕಜ್ಜಿ, ಅಂದರೆ ಸಾರ್ಕೋಪ್ಟಿಕ್. ಕೆರೆತ ಇಲ್ಲದೆ ಕೂದಲು ಮಾತ್ರ ಉದುರಿದರೆ ಡೆಮೊಡೆಕ್ಸ್. ನಮ್ಮಲ್ಲಿ ಮೂರು ನಾಯಿಗಳಿಗೆ ಒಂದರಿಂದ ಒಂದಕ್ಕೆ ಹತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದ್ದರಿಂದ ನಿಮ್ಮ ಮರಿಯದು ಸಾರ್ಕೋಪ್ಟಿಕ್ ಎಂದೇ ನನ್ನ ನಂಬಿಕೆ. ಔಷಧಿಯಂತೂ ಎರಡಕ್ಕೂ ಒಂದೇ. ದನಗಳಿಗೆ ಹಾಕಿಸುವ ಐವರ್ಮೆಕ್ಟಿನ್ ಇಂಜೆಕ್ಷನ್ ಮನೆಯಲ್ಲಿದ್ದರೆ ಅದನ್ನೇ ಸ್ವಲ್ಪ ಹಾಕಿ, ಮೈಗೆ ಬೇವಿನ ಎಣ್ಣೆ ಸವರಿ. ನಾವು ಹಾಗೆಯೇ ವಾಸಿ ಮಾಡಿಕೊಂಡೆವು.

ಮೈಸೂರು, ಕುವೆಂಪುನಗರ

ನಾನು ನಿವೃತ್ತನಾಗುವವರೆಗೆ ಪಶುವೈದ್ಯಕೀಯ ಪ್ರಯೋಗಾಲಯದಲ್ಲಿ ಇಂತಹ ಮಾದರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸ ಮಾಡುತ್ತಿದ್ದೆ. ಹಾಗಾಗಿ ‘ಹುಳು ಸಿಗಲಿಲ್ಲ’ ಎಂಬ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಎರಡು ಕಜ್ಜಿಗಳಲ್ಲಿ ಆ ಮಾತಿನ ತೂಕ ಒಂದೇ ಅಲ್ಲ.

ಡೆಮೊಡೆಕ್ಸ್ ನುಸಿ ಇರುವುದು ಕೂದಲಿನ ಬುಡದೊಳಗೆ. ಚರ್ಮವನ್ನು ಬೆರಳುಗಳ ನಡುವೆ ಹಿಂಡಿ ಹಿಡಿದು, ಬ್ಲೇಡಿಗೆ ಒಂದು ಹನಿ ಪ್ಯಾರಾಫಿನ್ ಎಣ್ಣೆ ಸವರಿ, ರಕ್ತ ಸಣ್ಣಗೆ ಜಿನುಗುವವರೆಗೆ ಒಂದೇ ದಿಕ್ಕಿನಲ್ಲಿ ಕೆರೆದರೆ ಅದು ಹೊರಬರುತ್ತದೆ. ಸೂಕ್ಷ್ಮದರ್ಶಕದಡಿ ಅದು ಚುಟ್ಟಾದಂತೆ ಉದ್ದವಾಗಿ, ಮುಂಭಾಗದಲ್ಲಿ ಮಾತ್ರ ಗಿಡ್ಡ ಕಾಲುಗಳನ್ನು ಹೊಂದಿ ಕಾಣುತ್ತದೆ. ಡೆಮೊಡೆಕ್ಸ್‌ನಿಂದ ಕಜ್ಜಿ ಎದ್ದ ಜಾಗದಲ್ಲಿ ಹೀಗೆ ಆಳವಾಗಿ ಎರಡು ಮೂರು ಕಡೆ ಕೆರೆದರೆ ನುಸಿಗಳು ಸಾಮಾನ್ಯವಾಗಿ ಹಲವಾರು ಸಿಗುತ್ತವೆ. ಸಿಗಲಿಲ್ಲವೆಂದರೆ, ಚರ್ಮ ದಪ್ಪಗಟ್ಟಿದ ಪಾದಗಳನ್ನು ಬಿಟ್ಟು, ಡೆಮೊಡೆಕ್ಸ್ ಅಲ್ಲವೆಂದು ಬಹುಮಟ್ಟಿಗೆ ಹೇಳಬಹುದು.

ಸಾರ್ಕೋಪ್ಟಿಸ್ ಹಾಗಲ್ಲ. ದುಂಡಗಿನ ಈ ನುಸಿ ಚರ್ಮದ ಮೇಲ್ಪದರದಲ್ಲಿಯೇ ಸುರಂಗ ಕೊರೆಯುತ್ತದೆ. ಮೈಮೇಲೆ ಹತ್ತಿಪ್ಪತ್ತು ನುಸಿಗಳಿದ್ದರೂ ಅವುಗಳಿಗೆ ಮೈ ತೋರುವ ಅಲರ್ಜಿಯಿಂದಾಗಿ ನಾಯಿ ಹುಚ್ಚು ಹಿಡಿದಂತೆ ಕೆರೆದುಕೊಳ್ಳಬಹುದು. ನುಸಿ ಅಷ್ಟು ಕಡಿಮೆ ಇರುವುದರಿಂದ, ಚೆನ್ನಾಗಿ ಕೆರೆದು ನೋಡಿದಾಗಲೂ ಅದು ಕಣ್ಣಿಗೆ ಬೀಳದೆ ಹೋಗುವುದು ತೀರಾ ಸಾಮಾನ್ಯ. ಐದಾರು ಕಡೆ ಅಗಲವಾಗಿ ಕೆರೆದ ಮಾದರಿಗಳನ್ನು ಅರ್ಧ ಗಂಟೆ ಹುಡುಕಿ, ಕೊನೆಯ ಸ್ಲೈಡಿನಲ್ಲಿ ಒಂದೇ ಒಂದು ಮೊಟ್ಟೆ ಕಂಡು ನಿರ್ಣಯವಾದದ್ದೂ ಉಂಟು, ಏನೂ ಕಾಣದೆ ಔಷಧಿಗೆ ನಾಯಿ ವಾಸಿಯಾದ ಮೇಲೆ ಅದೇ ಇತ್ತೆಂದು ತಿಳಿದದ್ದೂ ಉಂಟು. ನಿಮ್ಮ ಡಾಕ್ಟರು ಹುಳು ಸಿಗದಿದ್ದರೂ ಮಾತ್ರೆ ಕೊಟ್ಟದ್ದು ಸರಿಯಾದ ಕ್ರಮ.

ಮನೆಯಲ್ಲಿ ನೀವೇ ಒಂದನ್ನು ಪರೀಕ್ಷಿಸಬಹುದು. ಕೈಗವಸು ಹಾಕಿಕೊಂಡು ಮರಿಯ ಕಿವಿಯ ಅಂಚನ್ನು ಅದೇ ಕಿವಿಯ ಮೇಲೆ ಮಡಿಚಿ ಕೆಲವು ಕ್ಷಣ ಮೆಲ್ಲಗೆ ಉಜ್ಜಿ. ಅದೇ ಬದಿಯ ಹಿಂಗಾಲು ತಾನಾಗಿಯೇ ಎದ್ದು ಗಾಳಿಯಲ್ಲಿ ಕೆರೆಯತೊಡಗಿದರೆ ಸಾರ್ಕೋಪ್ಟಿಕ್‌ನ ಅನುಮಾನ ಬಲಗೊಳ್ಳುತ್ತದೆ. ಬೇರೆ ಕಾರಣದಿಂದ ಕಿವಿ ನವೆಯುವ ನಾಯಿಯೂ ಹೀಗೆ ಮಾಡಬಹುದಾದ್ದರಿಂದ ಇದೊಂದನ್ನೇ ನಂಬಬೇಡಿ.

ಮದ್ದೂರಿನವರು ಹೇಳಿದ್ದರಲ್ಲಿ ಮೊದಲ ಭಾಗ ಅರ್ಧ ಸರಿ. ಡೆಮೊಡೆಕ್ಸ್‌ನಲ್ಲಿ ಮೊದಮೊದಲು ಕೆರೆತ ಇರುವುದಿಲ್ಲ. ಕೂದಲಿನ ಬುಡದಲ್ಲಿ ಕೀವಾಯಿತೆಂದರೆ ಅದೂ ಕೆರೆಸುತ್ತದೆ. ಆದ್ದರಿಂದ ಮೊದಲು ಬಂದದ್ದು ಯಾವುದು ಎಂದು ನೆನಪಿಸಿಕೊಳ್ಳಿ: ಬೋಳು ಮೊದಲು ಬಂದು ಕೆರೆತ ಆಮೇಲೆ ಶುರುವಾಯಿತೇ, ಅಥವಾ ಕೆರೆದೂ ಕೆರೆದೂ ಬೋಳಾಯಿತೇ?

ಎರಡನೆಯ ಭಾಗವನ್ನು ಮಾತ್ರ ಯಾರೂ ಅನುಸರಿಸಬಾರದೆಂದು ಕೈಮುಗಿದು ಕೇಳುತ್ತೇನೆ. ದನಗಳಿಗೆ ಬಳಸುವ ಶೇಕಡಾ 1ರ ಐವರ್ಮೆಕ್ಟಿನ್‌ನ ಒಂದು ಮಿಲಿಯಲ್ಲಿ 10 ಮಿಲಿಗ್ರಾಂ ಔಷಧಿ ಇರುತ್ತದೆ. ಸಾರ್ಕೋಪ್ಟಿಕ್‌ಗೆ ಪ್ರತಿ ಕಿಲೋ ತೂಕಕ್ಕೆ 0.2 ಮಿಲಿಗ್ರಾಂ ಎಂದು ಹಿಡಿದರೆ ಐದು ಕಿಲೋ ಮರಿಗೆ ಬೇಕಾದದ್ದು 0.1 ಮಿಲಿ. ‘ಸ್ವಲ್ಪ’ ಎಂದು ಒಂದು ಮಿಲಿ ಹಾಕಿದರೆ ಅದು ಹತ್ತು ಪಟ್ಟು. ಕಣ್ಣಿನ ಪಾಪೆ ಹಿಗ್ಗಿ, ಕಾಲು ತಡವರಿಸಿ, ಜೊಲ್ಲು ಸುರಿಸುತ್ತ ಪ್ರಜ್ಞೆ ತಪ್ಪಿದ ಮರಿಗಳನ್ನು ನಾನು ನೋಡಿದ್ದೇನೆ. ಕಾಲಿ ಜಾತಿಯ ಮತ್ತು ಅದರ ಬೆರಕೆಯ ನಾಯಿಗಳಿಗೆ ಸರಿಯಾದ ಅಳತೆಯೂ ಪ್ರಾಣಾಪಾಯ ತರಬಲ್ಲದು.

ಶ್ರೀರಂಗಪಟ್ಟಣದಿಂದ

ಕೂದಲು ದುಂಡಗೆ ಉದುರಿದ್ದರೆ ಅದು ಹುಳುಕಡ್ಡಿ. ನಮ್ಮ ಬೆಕ್ಕಿಗೂ ಹಾಗೆಯೇ ಆಗಿತ್ತು. ಮನುಷ್ಯರು ಹಚ್ಚುವ ಮುಲಾಮನ್ನೇ ಹಚ್ಚಿದೆವು, ಹೋಯಿತು.

ಮೈಸೂರು, ಕುವೆಂಪುನಗರ

ಪ್ರಶ್ನೆಯಲ್ಲಿರುವುದು ದುಂಡು ಮಚ್ಚೆಯಲ್ಲ. ಕಿವಿಯ ಅಂಚಿನ ಮತ್ತು ಮೊಣಕೈಯ ಹೊಟ್ಟು. ಹುಳುಕಡ್ಡಿಯೂ ಕೆಲವೊಮ್ಮೆ ಡೆಮೊಡೆಕ್ಸ್‌ನಂತೆ ಕಾಣುತ್ತದೆ ಎಂಬುದಂತೂ ನಿಜ, ಅದಕ್ಕೆ ಪರೀಕ್ಷೆ ಬೇರೆ ಇದೆ. ನಾಯಿ ನೆಕ್ಕುವ ಜಾಗಕ್ಕೆ ಮನೆಯಲ್ಲಿದ್ದ ಮುಲಾಮು ಹಚ್ಚಬೇಡಿ. ಅನೇಕ ಮುಲಾಮುಗಳಲ್ಲಿ ಸ್ಟೆರಾಯ್ಡ್ ಇರುತ್ತದೆ.

ಸರಸ್ವತಿಪುರಂ, ಮೈಸೂರು

ಸ್ಟೆರಾಯ್ಡ್ ಮಾತು ಬಂದದ್ದರಿಂದ ನಮ್ಮ ಮನೆಯ ಕಥೆಯನ್ನು ಹೇಳುತ್ತೇನೆ. ಇದು ನಿಮ್ಮ ಮರಿಯ ಕಾಯಿಲೆಯಲ್ಲದಿರಬಹುದು. ಆದರೆ ಪಕ್ಕದ ಮನೆಯವರ ‘ವಾಸಿಯಾಗುವುದಿಲ್ಲ’ ಎಂಬ ಮಾತಿಗೆ ಉತ್ತರವಾದೀತು.

ನಮ್ಮ ಲ್ಯಾಬ್ರಡಾರ್‌ಗೆ ಒಂಬತ್ತನೆಯ ವಯಸ್ಸಿನಲ್ಲಿ ಅಲರ್ಜಿಯ ನವೆಗೆಂದು ಮಾತ್ರೆ ಕೊಡುತ್ತಿದ್ದೆವು. ನಿಲ್ಲಿಸಿದರೆ ನವೆ, ಕೊಟ್ಟರೆ ಸುಖ, ಹೀಗೆ ಐದು ತಿಂಗಳು ಕಳೆಯಿತು. ಅದು ಸ್ಟೆರಾಯ್ಡ್ ಎಂದು ನಮಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಆಮೇಲೆ ಕಣ್ಣಿನ ಸುತ್ತ ಕನ್ನಡಕ ಇಟ್ಟಂತೆ ಬೋಳಾಯಿತು, ಮುಂಗಾಲುಗಳಲ್ಲಿ ಕಪ್ಪು ಚುಕ್ಕೆಗಳೂ ಕೀವಿನ ಗುಳ್ಳೆಗಳೂ ಎದ್ದವು. ಬೇರೆ ಡಾಕ್ಟರಲ್ಲಿ ಆಳವಾಗಿ ಕೆರೆದಾಗ ಡೆಮೊಡೆಕ್ಸ್ ತುಂಬಿತ್ತು. ಮರಿಗಳಿಗೆ ಒಂದೆರಡು ಕಡೆ ಮಾತ್ರ ಬಂದರೆ ಅದು ಬಹುಪಾಲು ತಾನೇ ಹೋಗುತ್ತದೆ, ವಯಸ್ಸಾದ ನಾಯಿಗೆ ಬಂದರೆ ಮೈಯ ಪ್ರತಿರೋಧವನ್ನು ಕುಗ್ಗಿಸಿದ್ದು ಯಾವುದೆಂದು ಹುಡುಕಬೇಕು ಎಂದು ಅವರು ಹೇಳಿದರು. ಸ್ಟೆರಾಯ್ಡನ್ನು ಅವರ ಸೂಚನೆಯಂತೆ ಹಂತಹಂತವಾಗಿ ಇಳಿಸಿ ನಿಲ್ಲಿಸಿದೆವು, ಥೈರಾಯ್ಡ್ ಪರೀಕ್ಷೆ ಮಾಡಿಸಿದೆವು, ಮೂರು ತಿಂಗಳು ಕೆಲಸ ಮಾಡುವ ಫ್ಲೂರಲಾನರ್ ಮಾತ್ರೆಯನ್ನು ಊಟದ ಜೊತೆ ಕೊಟ್ಟೆವು. ಕೀವಿಗೆ ಕ್ಲೋರ್‌ಹೆಕ್ಸಿಡಿನ್ ಶಾಂಪೂ. ಶಾಂಪೂ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ನಾನು ಮೊದಲೆರಡು ಸಲ ಹಚ್ಚಿದ ತಕ್ಷಣ ತೊಳೆದುಬಿಟ್ಟಿದ್ದೆ, ಗುಳ್ಳೆಗಳು ಹಾಗೆಯೇ ಉಳಿದಿದ್ದವು.

ಆರನೆಯ ವಾರಕ್ಕೆ ಕೂದಲು ರೇಷ್ಮೆಯಂತೆ ಚಿಗುರಿತು. ವಾಸಿಯಾಯಿತೆಂದು ನಾವು ಬಂಧುಗಳಿಗೆಲ್ಲ ಹೇಳಿಯೂ ಬಿಟ್ಟೆವು. ಎಂಟನೆಯ ವಾರ ಮತ್ತೆ ಕೆರೆದಾಗ ಸತ್ತ ನುಸಿಗಳೇ ಹೆಚ್ಚಾಗಿದ್ದರೂ ಒಂದೆರಡು ಜೀವಂತವಾಗಿದ್ದವು. ತಿಂಗಳ ಅಂತರದಲ್ಲಿ ಎರಡು ಸಲ ಒಂದೂ ಸಿಗದೆ ಹೋದ ಮೇಲೆ ಇನ್ನೂ ಒಂದು ತಿಂಗಳು ಔಷಧಿ ಮುಂದುವರಿಸುವುದು ನಿಯಮ. ನಮಗೆ ಅದು ಆರು ತಿಂಗಳ ಕೆಲಸವಾಯಿತು. ಪ್ರತಿ ಭಾನುವಾರ ಒಂದೇ ಕಿಟಕಿಯ ಬೆಳಕಿನಲ್ಲಿ, ಒಂದೇ ದೂರದಿಂದ ಕಣ್ಣು ಮತ್ತು ಎರಡು ಮುಂಗಾಲುಗಳ ಫೋಟೋ ತೆಗೆದು, ಡಾಕ್ಟರು ಕೆರೆದ ಜಾಗಗಳನ್ನು ಕಾಗದದ ಮೇಲೆ ನಾಯಿಯ ಚಿತ್ರ ಬರೆದು ಗುರುತು ಹಾಕಿಟ್ಟುಕೊಂಡಿದ್ದರಿಂದ ಪ್ರತಿ ಸಲವೂ ಅದೇ ಜಾಗಗಳನ್ನು ನೋಡಲು ಅವರಿಗೆ ಸಾಧ್ಯವಾಯಿತು.

ಪಾಂಡವಪುರದಿಂದ, ಮತ್ತೆ

ಎಲ್ಲರಿಗೂ ವಂದನೆಗಳು. ಕಿವಿ ಉಜ್ಜಿ ನೋಡಿದೆ, ಕಾಲು ತಕ್ಷಣ ಎದ್ದಿತು. ಮರಿ ಕೆರೆದೂ ಕೆರೆದೂ ಬೋಳಾದದ್ದು. ಅದನ್ನು ನಾವು ಆಲೆಮನೆಯ ಹತ್ತಿರದಿಂದ ತಂದೆವು. ಅಲ್ಲಿನ ಬೀದಿ ನಾಯಿಗಳಿಗೂ ಕಜ್ಜಿ ಇತ್ತು. ನಮ್ಮ ತಾಯಿಯ ಮುಂಗೈ ಮೇಲೂ ಸೊಂಟದ ಹತ್ತಿರವೂ ಕೆಂಪು ಗುಳ್ಳೆಗಳೆದ್ದಿವೆ, ಇದನ್ನು ಮೊದಲೇ ಬರೆಯಬೇಕಿತ್ತು. ಮಾತ್ರೆ ತಿಂಗಳಿಗೊಂದು ಕೊಡುವ ಅಫೋಕ್ಸೊಲಾನರ್. ದೊಡ್ಡ ನಾಯಿ ಕೆರೆದುಕೊಳ್ಳುತ್ತಿಲ್ಲ, ಅದಕ್ಕೂ ಕೊಡಬೇಕೇ? ಅದಕ್ಕೆ ಎರಡು ವರ್ಷದ ಹಿಂದೆ ಒಮ್ಮೆ ಫಿಟ್ಸ್ ಬಂದಿತ್ತು.

ಮೈಸೂರು, ಕುವೆಂಪುನಗರ

ತಾಯಿಯವರ ಗುಳ್ಳೆಗಳು ಮರಿಯನ್ನು ಎತ್ತಿಕೊಂಡಾಗ ತಾಗುವ ಜಾಗದಲ್ಲಿಯೇ ಎದ್ದಿವೆ. ನಾಯಿಯ ಡೆಮೊಡೆಕ್ಸ್ ಮನುಷ್ಯರಿಗೆ ಹೀಗೆ ಮಾಡುವುದಿಲ್ಲ, ಸಾರ್ಕೋಪ್ಟಿಸ್ ಮಾಡುತ್ತದೆ. ಇಷ್ಟೆಲ್ಲ ಸೇರಿದ ಮೇಲೆ ನನಗೆ ಹೆಚ್ಚು ಅನುಮಾನ ಉಳಿದಿಲ್ಲ. ನಾಯಿಯ ಈ ನುಸಿ ಮನುಷ್ಯರ ಮೈಯಲ್ಲಿ ನೆಲೆಯೂರುವುದಿಲ್ಲ. ಮರಿ ವಾಸಿಯಾದ ಮೇಲೆ ಎರಡು ಮೂರು ವಾರಗಳಲ್ಲಿ ಗುಳ್ಳೆ ಇಳಿಯದಿದ್ದರೆ ಅವರನ್ನು ಚರ್ಮದ ಡಾಕ್ಟರಿಗೆ ತೋರಿಸಿ.

ಹತ್ತು ದಿನಕ್ಕೆ ಕೆರೆತ ನಿಲ್ಲಲಿಲ್ಲವೆಂದು ಮಾತ್ರೆಯನ್ನು ಬೈಯಬೇಡಿ. ನುಸಿ ಸತ್ತರೂ ಅದರ ಅವಶೇಷ ಚರ್ಮದಲ್ಲಿ ಇರುವಷ್ಟು ದಿನ ಅಲರ್ಜಿ ಮುಂದುವರಿಯುತ್ತದೆ. ಎರಡರಿಂದ ನಾಲ್ಕು ವಾರಗಳಲ್ಲಿ ಅದು ಇಳಿಮುಖವಾಗಬೇಕು. ರಾತ್ರಿ ಎಷ್ಟು ಸಲ ಎದ್ದು ಕೆರೆಯಿತು ಎಂದು ಬರೆದಿಡಿ, ಬೋಳು ಜಾಗಕ್ಕಿಂತ ಅದು ಬೇಗ ಉತ್ತರ ಹೇಳುತ್ತದೆ. ಮೂವತ್ತನೆಯ ದಿನದ ಮಾತ್ರೆಯನ್ನು ಕೆರೆತ ನಿಂತಿದ್ದರೂ ತಪ್ಪಿಸಬೇಡಿ. ಮರಿ ಬೆಳೆಯುತ್ತಿರುವುದರಿಂದ ಅಂದು ಮತ್ತೆ ತೂಕ ಮಾಡಿಸಿ. ಅದು ಮುಂದಿನ ಅಳತೆಯ ಮಾತ್ರೆಗೆ ದಾಟಿರಬಹುದು. ಅದು ಮಲಗುವ ಗೋಣಿಚೀಲವನ್ನು ಎಸೆದು, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ತಂಪಾದ, ತೇವದ ಮೂಲೆಯಲ್ಲಿ ಈ ನುಸಿ ಮೈಬಿಟ್ಟ ಮೇಲೂ ಹಲವು ದಿನ ಬದುಕಬಲ್ಲದು.

ದೊಡ್ಡ ನಾಯಿ ಕೆರೆಯದಿದ್ದರೂ ಅದಕ್ಕೂ ಚಿಕಿತ್ಸೆ ಬೇಕು, ಇಲ್ಲವಾದರೆ ಒಂದರಿಂದ ಮತ್ತೊಂದಕ್ಕೆ ತಿರುಗುತ್ತಲೇ ಇರುತ್ತದೆ. ಆದರೆ ಮರಿಯ ಪೊಟ್ಟಣದಿಂದ ಅದಕ್ಕೆ ಕೊಡಬೇಡಿ. ಈ ಗುಂಪಿನ ಮಾತ್ರೆಗಳು ಫಿಟ್ಸ್ ಬಂದಿದ್ದ ನಾಯಿಗಳಲ್ಲಿ ಮತ್ತೆ ಅದನ್ನು ತರುವ ಸಂಭವವಿದೆ. ಬೆನ್ನಿನ ಚರ್ಮಕ್ಕೆ ಬಿಡುವ ಸೆಲಾಮೆಕ್ಟಿನ್ ಹನಿ ಆಗಬಹುದೇ ಎಂದು ಡಾಕ್ಟರನ್ನು ಕೇಳಿ.

ಮದ್ದೂರಿನ ರೈತರು

ನಮ್ಮ ನಾಯಿಗಳಿಗೆ ಏನೂ ಆಗಲಿಲ್ಲವೆಂಬ ಧೈರ್ಯದಲ್ಲಿ ಬರೆದುಬಿಟ್ಟೆ, 0.1 ಮಿಲಿಯ ಲೆಕ್ಕ ನನಗೆ ಗೊತ್ತಿರಲಿಲ್ಲ. ಆದರೂ ಬೇವಿನ ಎಣ್ಣೆಯಿಂದ ಹೊಟ್ಟು ಮೆತ್ತಗಾಗುವುದನ್ನು ನಾನು ನೋಡಿದ್ದೇನೆ, ಅದನ್ನು ಬಿಡಲು ನನಗೆ ಮನಸ್ಸಿಲ್ಲ.

ಪಾಂಡವಪುರದಿಂದ, ಇಪ್ಪತ್ತನಾಲ್ಕನೆಯ ದಿನ

ಮರಿ ಈಗ ರಾತ್ರಿ ಒಂದೆರಡು ಸಲ ಮಾತ್ರ ಏಳುತ್ತದೆ. ಹದಿನೈದನೆಯ ದಿನ ಏಳು ಸಲ ಎದ್ದಿತ್ತು. ಕಿವಿಯ ಅಂಚಿನ ಹೊಟ್ಟು ಪದರ ಪದರವಾಗಿ ಬಿಟ್ಟಿದೆ. ತಾಯಿಗೆ ಹೊಸ ಗುಳ್ಳೆ ಎದ್ದಿಲ್ಲ. ದೊಡ್ಡ ನಾಯಿಗೆ ಸೆಲಾಮೆಕ್ಟಿನ್ ಹಾಕಿಸಿದೆವು. ಅದರ ತುಟಿಯ ಪಕ್ಕದಲ್ಲಿ ರೂಪಾಯಿ ನಾಣ್ಯದಷ್ಟು ಬೋಳು ಜಾಗವೊಂದು ಕಂಡಿದೆ, ಕೆರೆತವಿಲ್ಲ. ಡಾಕ್ಟರು ಸೋಮವಾರ ಅಲ್ಲಿ ಆಳವಾಗಿ ಕೆರೆದು ನೋಡುತ್ತೇನೆ ಎಂದಿದ್ದಾರೆ.